ಮೀಮ್‌ನ ದಪ್ಪಕ್ಷರ: ಬಿಳಿ ಅಕ್ಷರಕ್ಕೆ ಕಪ್ಪು ಅಂಚು ಯಾಕೆ ಬಂತು, ಅದನ್ನು ಸರಿಯಾಗಿ ಹಾಕುವುದು ಹೇಗೆ

ನಮ್ಮ ಬೀದಿಯ ಬೆಕ್ಕೊಂದು ಸ್ಕೂಟರಿನ ಸೀಟಿನ ಮೇಲೆ ಕಾಲು ಚಾಚಿ ಮಲಗಿರುವ ಫೋಟೊ ನನ್ನ ಹತ್ತಿರ ಇದೆ. ಮೇಲ್ಭಾಗದಲ್ಲಿ ಸುಣ್ಣ ಬಳಿದ ಗೋಡೆ, ಬಿಸಿಲು ಬಿದ್ದು ಇನ್ನೂ ಬೆಳ್ಳಗಾಗಿದೆ. ಕೆಳಭಾಗದಲ್ಲಿ ಕಪ್ಪು ಸೀಟು ಮತ್ತು ಅದರ ನೆರಳು. ನಡುವೆ ಒಂದು ಕಣ್ಣು ತೆರೆದು ನಮ್ಮನ್ನೇ ದುರುಗುಟ್ಟಿ ನೋಡುತ್ತಿರುವ ಬೆಕ್ಕು. ಸ್ಕೂಟರ್ ಮಾಲೀಕ ಕೀ ಹಿಡಿದು ನಿಂತಿದ್ದಾನೆ, ಬೆಕ್ಕು ಏಳುತ್ತಿಲ್ಲ ಎಂಬುದೇ ಚಿತ್ರದ ಕಥೆ. ಮೇಲೆ "ಗಾಡಿ ಬೇಕಾ?", ಕೆಳಗೆ "ಊಟ ಆದ್ಮೇಲೆ ಬಾ" ಎಂದು ಬರೆಯಬೇಕು ಅನ್ನಿಸಿತು.

ಮೊದಲ ಸಲ ಮಾಡಿದಾಗ ಬಿಳಿ ಬಣ್ಣದ ಮಾಮೂಲಿ ಅಕ್ಷರ ಹಾಕಿದೆ. ಕೆಳಗಿನ ಸಾಲು ಕಪ್ಪು ಸೀಟಿನ ಮೇಲೆ ಚೆನ್ನಾಗಿ ಕಂಡಿತು, ಮೇಲಿನದು ಗೋಡೆಯೊಳಗೆ ಕರಗಿಹೋಯಿತು. ಬಣ್ಣ ಬದಲಿಸಿ ಕಪ್ಪು ಮಾಡಿದರೆ ಮೇಲಿನದು ಕಂಡಿತು, ಕೆಳಗಿನದು ಮುಳುಗಿತು. ಹಳದಿ ಮಾಡಿ ನೋಡಿದೆ. ಕಂಪ್ಯೂಟರಿನಲ್ಲಿ ಪರವಾಗಿಲ್ಲ ಅನ್ನಿಸಿದರೂ ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ ಮೇಲೆ ಅಂಚೆಲ್ಲ ಕಲಸಿಕೊಂಡು ಗೋಡೆಗೆ ಅರಿಶಿನ ಮೆತ್ತಿದ ಹಾಗೆ ಕಾಣುತ್ತಿತ್ತು.

ದಪ್ಪನೆಯ, ಒತ್ತೊತ್ತಾದ, ಕಪ್ಪು ಅಂಚಿನ ಬಿಳಿ ದೊಡ್ಡಕ್ಷರಗಳು ಹುಟ್ಟಿಕೊಂಡದ್ದು ಈ ತೊಂದರೆಗೆ ಉತ್ತರವಾಗಿ. ಹಿನ್ನೆಲೆ ಹೇಗಿರುತ್ತದೋ ಗೊತ್ತಿಲ್ಲ, ಚಿತ್ರ ಎಷ್ಟು ಚಿಕ್ಕದಾಗಿ ಕಾಣುತ್ತದೋ ಗೊತ್ತಿಲ್ಲ, ಎಷ್ಟು ಸಲ ಮತ್ತೆ ಮತ್ತೆ ಕುಗ್ಗಿ ಕೈಯಿಂದ ಕೈಗೆ ಹೋಗುತ್ತದೋ ಗೊತ್ತಿಲ್ಲ. ಆದರೂ ಮಾತು ಓದಬರಬೇಕು. ಆ ಶೈಲಿಯ ಒಂದೊಂದು ಗುಣವೂ ಇದರಲ್ಲಿ ಯಾವ ಕೆಲಸ ಮಾಡುತ್ತದೆ ಎಂಬುದು ಮೊದಲು ಗೊತ್ತಾಗಬೇಕು. ಕಾರಣ ಗೊತ್ತಿದ್ದರೆ ಮಾತ್ರ ಅದನ್ನು ಕನ್ನಡಕ್ಕೆ ತರಲು ಸಾಧ್ಯ. ಕುರುಡಾಗಿ ನಕಲು ಮಾಡಿದರೆ ಕನ್ನಡ ಅಕ್ಷರ ಹೇಗೆ ಕೆಡುತ್ತದೆ ಎಂಬುದನ್ನು ಮುಂದೆ ತೋರಿಸುತ್ತೇನೆ.

ಇಂಪ್ಯಾಕ್ಟ್ ಎಲ್ಲಿಂದ ಬಂತು

ಇಂಗ್ಲಿಷ್ ಮೀಮ್‌ಗಳಲ್ಲಿ ಕಾಣುವ ಆ ಫಾಂಟಿನ ಹೆಸರು ಇಂಪ್ಯಾಕ್ಟ್. ಇಂಟರ್‌ನೆಟ್ಟಿಗಾಗಿ ಮಾಡಿದ್ದಲ್ಲ ಅದು, ಕಂಪ್ಯೂಟರಿಗಾಗಿಯೂ ಅಲ್ಲ. ಜೆಫ್ರಿ ಲೀ ಎಂಬ ಬ್ರಿಟಿಷ್ ವಿನ್ಯಾಸಕಾರ ಬರೆದ ಈ ಅಕ್ಷರಗಳನ್ನು ಶೆಫೀಲ್ಡ್ ಊರಿನ ಸ್ಟೀಫನ್‌ಸನ್ ಬ್ಲೇಕ್ ಎಂಬ ಅಚ್ಚುಮೊಳೆ ಕಾರ್ಖಾನೆ 1965ರಲ್ಲಿ ಸೀಸದ ಮೊಳೆಗಳಾಗಿ ಎರಕ ಹೊಯ್ದು ಮಾರಾಟಕ್ಕೆ ತಂದಿತು. ಲೀ ಜಾಹೀರಾತಿನ ಕ್ಷೇತ್ರದವರು. ಅವರ ಗುರಿ ನೇರವಾಗಿತ್ತು: ಕೊಟ್ಟಷ್ಟು ಜಾಗದಲ್ಲಿ ಆದಷ್ಟು ಹೆಚ್ಚು ಶಾಯಿ ಕಾಗದದ ಮೇಲೆ ಬೀಳಬೇಕು. ಹಾಗಾಗಿ ಕಂಬಗಳು ದಪ್ಪ, ಅಕ್ಷರದೊಳಗಿನ ಖಾಲಿ ಜಾಗ ಒಂದು ಸೀಳಿನಷ್ಟು, ಅಕ್ಷರ ಅಕ್ಷರದ ನಡುವೆ ಕೂದಲೆಳೆಯಷ್ಟು ಅಂತರ. ಆ ದಶಕದಲ್ಲಿ ಯೂರೋಪಿನ ಪತ್ರಿಕೆಗಳ ತಲೆಬರಹಗಳಲ್ಲೂ ಪೋಸ್ಟರ್‌ಗಳಲ್ಲೂ ಇಂಥ ಕಿರಿದಾದ ದಪ್ಪಕ್ಷರದ ಗಾಳಿಯೇ ಬೀಸುತ್ತಿತ್ತು.

ಅಲ್ಲಿಂದ ನಮ್ಮ ಮೇಜಿಗೆ ಅದನ್ನು ತಂದದ್ದು ಮೈಕ್ರೋಸಾಫ್ಟ್. 1996ರಲ್ಲಿ ಆ ಕಂಪನಿ ವೆಬ್‌ಗೆಂದು ಕೆಲವು ಫಾಂಟ್‌ಗಳನ್ನು ಉಚಿತವಾಗಿ ಹಂಚಿತು. ಏರಿಯಲ್, ವರ್ಡಾನಾ, ಜಾರ್ಜಿಯಾ, ಕಾಮಿಕ್ ಸಾನ್ಸ್ ಜೊತೆಗೆ ಇಂಪ್ಯಾಕ್ಟ್ ಕೂಡ ಆ ಗಂಟಿನಲ್ಲಿತ್ತು. ಇದರಿಂದಾಗಿ 2000ದ ದಶಕದಲ್ಲಿ ಹೆಚ್ಚುಕಡಿಮೆ ಎಲ್ಲರ ಕಂಪ್ಯೂಟರಿನಲ್ಲೂ ಅದು ಮೊದಲೇ ಕೂತಿತ್ತು. ಬೆಕ್ಕಿನ ಫೋಟೊಗೆ ತಪ್ಪು ಇಂಗ್ಲಿಷಿನ ಮಾತು ಅಂಟಿಸುವ ಹುಚ್ಚು 2006–07ರಲ್ಲಿ ಹರಡಿದಾಗ, ಹಾಗೆ ಮಾಡುತ್ತಿದ್ದವರು ಫಾಂಟ್ ಖರೀದಿಸುವ ಜನ ಅಲ್ಲ. ಕಂಪ್ಯೂಟರ್ ಜೊತೆಗೆ ಬಂದ ಪಟ್ಟಿಯನ್ನು ತೆರೆದು, ಅದರಲ್ಲಿ ದಪ್ಪವಾದದ್ದು ಯಾವುದು ಎಂದು ಹುಡುಕುವವರು. ಆ ಪಟ್ಟಿಯಲ್ಲಿ ನಿಜಕ್ಕೂ ದಪ್ಪ ಎನ್ನಬಹುದಾದ್ದು ಎರಡೇ: ಏರಿಯಲ್ ಬ್ಲ್ಯಾಕ್ ಮತ್ತು ಇಂಪ್ಯಾಕ್ಟ್.

ಈ ಎರಡನ್ನು ಪಕ್ಕಪಕ್ಕ ಇಟ್ಟರೆ ಇಂಪ್ಯಾಕ್ಟ್ ಯಾಕೆ ಗೆದ್ದಿತು ಎಂಬುದು ಕಣ್ಣಿಗೇ ಕಾಣುತ್ತದೆ. ಏರಿಯಲ್ ಬ್ಲ್ಯಾಕ್ ಅಡ್ಡಕ್ಕೆ ಹರಡಿಕೊಂಡ ಅಕ್ಷರ. ಫೋಟೊದ ಅಗಲ ಸೀಮಿತ, ಸಾಲು ಅದರೊಳಗೇ ಮುಗಿಯಬೇಕು. ಅಗಲದ ಅಕ್ಷರವಾದರೆ ಮಾತು ಹಿಡಿಸಲು ಸೈಜು ಇಳಿಸಬೇಕಾಗುತ್ತದೆ, ಎತ್ತರವೂ ಇಳಿಯುತ್ತದೆ. ಕಿರಿದಾದ ಅಕ್ಷರವಾದರೆ ಅದೇ ಮಾತು ಅಷ್ಟೇ ಅಗಲದಲ್ಲಿ ಹೆಚ್ಚು ಎತ್ತರವಾಗಿ ನಿಲ್ಲುತ್ತದೆ. ಚಿತ್ರ ಕುಗ್ಗಿದಾಗ ಓದಲು ಉಳಿಯುವುದು ಆ ಎತ್ತರವೇ.

ದೊಡ್ಡಕ್ಷರದ ಕಥೆಯೂ ಹೀಗೆಯೇ. ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ಕೆಲವು ಮೇಲೆ ಚಾಚುತ್ತವೆ, ಕೆಲವು ಕೆಳಗೆ ಬಾಲ ಬಿಡುತ್ತವೆ. ಆ ಬಾಲಕ್ಕೂ ಚಾಚಿಗೂ ಜಾಗ ಬಿಡಬೇಕು. ದೊಡ್ಡಕ್ಷರಗಳಾದರೆ ಎಲ್ಲವೂ ಒಂದೇ ಎತ್ತರ, ತಲೆಯೂ ಬುಡವೂ ಸಮ. ಸಾಲು ಇಟ್ಟಿಗೆ ಗೋಡೆಯ ಹಾಗೆ ನಿಲ್ಲುತ್ತದೆ. ಚಿತ್ರದ ಅಂಚಿಗೆ ತೀರಾ ಹತ್ತಿರ ತಂದು ಕೂರಿಸಬಹುದು, ನಡುವಿನ ಮುಖಕ್ಕೆ ಜಾಗ ಉಳಿಯುತ್ತದೆ. ಮೇಲೊಂದು ಕೆಳಗೊಂದು ಸಾಲು ಹಾಕುವ ರೂಢಿ ಇದರೊಂದಿಗೆ ಚೆನ್ನಾಗಿ ಹೊಂದಿಕೊಂಡಿತು, ಯಾಕೆಂದರೆ ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಹೋಗುವ ಕಣ್ಣು ದಾರಿಯಲ್ಲಿ ಮುಖವನ್ನು ನೋಡಿಕೊಂಡೇ ಹೋಗಬೇಕು.

ಇನ್ನು ಕಪ್ಪು ಅಂಚು. ಬಿಳಿ ಮತ್ತು ಕಪ್ಪಿನ ನಡುವೆ ಇರುವಷ್ಟು ಬೆಳಕಿನ ಅಂತರ ಬೇರೆ ಯಾವ ಎರಡು ಬಣ್ಣದ ನಡುವೆಯೂ ಪರದೆಯ ಮೇಲೆ ಸಿಗುವುದಿಲ್ಲ. ಹಿನ್ನೆಲೆ ಕಪ್ಪಾದರೆ ಅಂಚು ಅದರಲ್ಲಿ ಲೀನವಾಗಿ ಬಿಳಿ ಒಡಲು ಎದ್ದು ಕಾಣುತ್ತದೆ. ಹಿನ್ನೆಲೆ ಬಿಳಿಯಾದರೆ ಒಡಲು ಲೀನವಾಗುತ್ತದೆ, ಆದರೆ ಅಂಚೇ ಅಕ್ಷರದ ರೂಪವನ್ನು ಬರೆದು ತೋರಿಸುತ್ತದೆ. ಅಕ್ಷರ ತನ್ನ ಹಿನ್ನೆಲೆಯನ್ನು ತಾನೇ ಹೊತ್ತುಕೊಂಡು ತಿರುಗುತ್ತದೆ. ಸಿನಿಮಾ ಸಬ್‌ಟೈಟಲ್‌ಗಳೂ ಇದೇ ಉಪಾಯ ಬಳಸುತ್ತವೆ.

ನನ್ನ ಹಳದಿ ಅಕ್ಷರ ಕಲಸಿಹೋದದ್ದಕ್ಕೂ ಉತ್ತರ ಇಲ್ಲೇ ಇದೆ. ಜೆಪೆಗ್ ಫೈಲು ಚಿತ್ರವನ್ನು ಬೆಳಕು ಮತ್ತು ಬಣ್ಣ ಎಂದು ಬೇರ್ಪಡಿಸಿ ಇಟ್ಟುಕೊಳ್ಳುತ್ತದೆ. ನಮ್ಮ ಕಣ್ಣು ಬಣ್ಣದ ವಿಷಯದಲ್ಲಿ ಅಷ್ಟು ಚುರುಕಲ್ಲವಾದ್ದರಿಂದ, ಫೈಲು ಚಿಕ್ಕದಾಗಲಿ ಎಂದು ಬಣ್ಣದ ಮಾಹಿತಿಯನ್ನು ಸಾಮಾನ್ಯವಾಗಿ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇಡುತ್ತದೆ. ಬೆಳಕಿನ ಮಾಹಿತಿಯನ್ನು ಹೀಗೆ ಗುಡ್ಡೆ ಹಾಕುವುದಿಲ್ಲ. ಹಾಗಾಗಿ ಹಳದಿಯ ಮೇಲೆ ಕೆಂಪು ಅಂಚು ಹಾಕಿದರೆ ಗಡಿ ಕಲಸುತ್ತದೆ, ಬಿಳಿ–ಕಪ್ಪಿನ ಗಡಿ ಚೂಪಾಗಿ ಉಳಿಯುತ್ತದೆ. ಒಬ್ಬರಿಂದೊಬ್ಬರಿಗೆ ಹೋಗುತ್ತ ಮತ್ತೆ ಮತ್ತೆ ಜೆಪೆಗ್ ಆಗುವ ಚಿತ್ರಕ್ಕೆ ಇದು ದೊಡ್ಡ ರಕ್ಷಣೆ.

2010ರ ಸುಮಾರಿಗೆ ಎರಡು ಖಾಲಿ ಡಬ್ಬಿಗಳಲ್ಲಿ ಮಾತು ಟೈಪ್ ಮಾಡಿದರೆ ಮೀಮ್ ತಯಾರಿಸಿಕೊಡುವ ತಾಣಗಳು ಜೋರಾಗಿದ್ದವು. ಅವು ಇದೇ ರೂಪವನ್ನು ತಾವಾಗಿಯೇ ಹಾಕಿಕೊಡುತ್ತಿದ್ದವು. ಅಲ್ಲಿಗೆ ಆಯ್ಕೆ ಎಂಬುದು ರೂಢಿಯಾಗಿ ಗಟ್ಟಿಯಾಯಿತು.

ಕೈಯಾರೆ ಮಾಡುವುದು: ಮೊದಲು ಇಂಗ್ಲಿಷಿನಲ್ಲಿ

ಕನ್ನಡಕ್ಕೆ ಹೋಗುವ ಮೊದಲು ಇಂಗ್ಲಿಷಿನಲ್ಲಿ ಒಂದು ಮಾಡಿ ನೋಡಿ, ಅಳತೆಗಳು ಅಲ್ಲಿ ಸರಳ. ಮೇಲಿನ ಸಾಲು `NEED THE SCOOTER?`, ಕೆಳಗಿನದು `COME AFTER LUNCH` ಎಂದಿರಲಿ. ನಾನು ಬಳಸುವುದು ಗಿಂಪ್ ಎಂಬ ಫೋಟೊ ತಿದ್ದುವ ತಂತ್ರಾಂಶ, ಅದು ಉಚಿತ. ಇಂಪ್ಯಾಕ್ಟ್ ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಇರುತ್ತದೆ. ಲಿನಕ್ಸ್ ಅಥವಾ ಆಂಡ್ರಾಯ್ಡ್ ಆದರೆ ಗೂಗಲ್ ಫಾಂಟ್ಸ್‌ನಿಂದ ಆಂಟನ್ ಎಂಬುದನ್ನು ಇಳಿಸಿಕೊಳ್ಳಿ. ಅದು ಮುಕ್ತ ಪರವಾನಗಿಯದು, ಮೈಕಟ್ಟೂ ಹತ್ತಿರಹತ್ತಿರ ಅದೇ.

ಮೊದಲ ಹೆಜ್ಜೆ ಫೋಟೊದ್ದು. `Image > Scale Image` ನಿಂದ ಅದನ್ನು 1080 × 1080 ಪಿಕ್ಸೆಲ್‌ಗೆ ತನ್ನಿ. ಚೌಕವಾಗಿಲ್ಲದಿದ್ದರೆ ಮೊದಲು ಕತ್ತರಿಸಿ. ಕತ್ತರಿಸುವಾಗ ಮೇಲಿನ ಐದನೇ ಒಂದು ಭಾಗ, ಕೆಳಗಿನ ಐದನೇ ಒಂದು ಭಾಗ ಅಕ್ಷರಕ್ಕೆ ಬಿಟ್ಟದ್ದು ಎಂದು ಲೆಕ್ಕ ಇಟ್ಟುಕೊಳ್ಳಿ. ಬೆಕ್ಕಿನ ಕಿವಿ ಆ ಪಟ್ಟಿಯೊಳಗೆ ನುಗ್ಗಿದರೂ ನಡೆಯುತ್ತದೆ, ಕಣ್ಣು ನುಗ್ಗಬಾರದು. ಅಕ್ಷರ ಹಾಕಿದ ಮೇಲೆ ಫೋಟೊದ ಅಳತೆ ಬದಲಿಸಬೇಡಿ. ಅಂಚಿನ ದಪ್ಪವೂ ಅದರ ಜೊತೆ ಕುಗ್ಗಿ ಲೆಕ್ಕವೆಲ್ಲ ತಪ್ಪುತ್ತದೆ.

ಎರಡನೆಯದು ಅಕ್ಷರ. ಟೆಕ್ಸ್ಟ್ ಟೂಲ್ ಹಿಡಿದು ಫಾಂಟ್ ಇಂಪ್ಯಾಕ್ಟ್, ಸೈಜು 110 ಪಿಕ್ಸೆಲ್, ಬಣ್ಣ ಶುದ್ಧ ಬಿಳಿ ಅಂದರೆ `ffffff`. ಎಲ್ಲವನ್ನೂ ದೊಡ್ಡಕ್ಷರದಲ್ಲೇ ಟೈಪ್ ಮಾಡಿ. ಇಂಪ್ಯಾಕ್ಟ್‌ನ ದೊಡ್ಡಕ್ಷರದ ಎತ್ತರ ಫಾಂಟ್ ಸೈಜಿನ ಐದರಲ್ಲಿ ನಾಲ್ಕು ಭಾಗದಷ್ಟು, ಅಂದರೆ ಇಲ್ಲಿ ಸುಮಾರು 87 ಪಿಕ್ಸೆಲ್. ಸಾಲು ಎರಡೂ ಬದಿಯಲ್ಲಿ 40 ಪಿಕ್ಸೆಲ್ ಬಿಟ್ಟು ಒಳಗೆ ಕೂರಬೇಕು. ಹಿಡಿಸದಿದ್ದರೆ ಸೈಜು 90ರವರೆಗೆ ಇಳಿಸಬಹುದು. ಅದಕ್ಕಿಂತ ಇಳಿಸಬೇಕಾದ ಸ್ಥಿತಿ ಬಂದರೆ ಮಾತನ್ನೇ ಕಡಿಮೆ ಮಾಡಿ. ನಾಲ್ಕು ಪದಕ್ಕಿಂತ ಹೆಚ್ಚಿನ ಸಾಲು ಈ ಶೈಲಿಗೆ ಹೊಂದುವುದಿಲ್ಲ ಎಂಬುದು ನನ್ನ ಅನುಭವ.

ಮೂರನೆಯದು ಅಂಚು. ಇದೇ ಇಡೀ ಕೆಲಸದ ಜೀವ. ನಾನು ಕಂಡ ಕೆಟ್ಟ ಮೀಮ್‌ಗಳಲ್ಲಿ ಬಹುಪಾಲು ಕೆಟ್ಟದ್ದು ಈ ಹೆಜ್ಜೆಯಲ್ಲೇ. ಅಂಚನ್ನು ಎಲ್ಲಿ ಹಾಕುತ್ತೀರಿ ಎಂಬುದು ಮುಖ್ಯ: ಅಕ್ಷರದ ಗಡಿಯ ಹೊರಗೋ, ಗಡಿಯ ಮೇಲೆ ನಡುವಿಗೋ?

ಅನೇಕ ಉಪಕರಣಗಳು ಅಂಚುಗೆರೆಯನ್ನು ಗಡಿಯ ಮೇಲೆ ನಡುವಿಗೆ ಎಳೆಯುತ್ತವೆ. 12 ಪಿಕ್ಸೆಲ್ ಗೆರೆ ಎಂದರೆ 6 ಹೊರಕ್ಕೆ, 6 ಒಳಕ್ಕೆ. 110ರ ಸೈಜಿನಲ್ಲಿ ಇಂಪ್ಯಾಕ್ಟ್‌ನ ಒಂದು ಕಂಬ ಹೆಚ್ಚುಕಡಿಮೆ 20 ಪಿಕ್ಸೆಲ್ ದಪ್ಪ. ಅದರ ಎರಡೂ ಬದಿಯಿಂದ 6 ತಿಂದರೆ ಉಳಿಯುವ ಬಿಳಿ 8 ಮಾತ್ರ. ದಪ್ಪಕ್ಷರ ಅಂದುಕೊಂಡು ಹಾಕಿದ್ದು ಕಡ್ಡಿಯಾಗಿಬಿಡುತ್ತದೆ. ಅದಕ್ಕಾಗಿ ಅಂಚು ಪೂರ್ತಿ ಹೊರಗೇ ಇರಬೇಕು.

ಗಿಂಪ್‌ನಲ್ಲಿ ಹೀಗೆ ಮಾಡಿ. ಅಕ್ಷರದ ಲೇಯರ್ ಮೇಲೆ ಬಲ ಕ್ಲಿಕ್ ಮಾಡಿ `Alpha to Selection` ಒತ್ತಿ, ಅಕ್ಷರದ ಆಕಾರ ಆಯ್ಕೆಯಾಗುತ್ತದೆ. ನಂತರ `Select > Grow` ನಲ್ಲಿ 6 ಕೊಡಿ. ಆಯ್ಕೆ ಎಲ್ಲ ದಿಕ್ಕಿಗೂ 6 ಪಿಕ್ಸೆಲ್ ಉಬ್ಬುತ್ತದೆ. ಈಗ ಹೊಸ ಪಾರದರ್ಶಕ ಲೇಯರ್ ಒಂದನ್ನು ತೆರೆದು, ಅದನ್ನು ಅಕ್ಷರದ ಲೇಯರಿನ ಕೆಳಗೆ ಎಳೆದಿಟ್ಟು, ಕಪ್ಪು ಬಣ್ಣ ತುಂಬಿ. `Select > None` ಕೊಟ್ಟರೆ ಮುಗಿಯಿತು. ಬಿಳಿಯ ಒಡಲಿನ ಒಂದು ಪಿಕ್ಸೆಲ್ ಕೂಡ ಕಳೆದಿಲ್ಲ, ಕಪ್ಪು ಅದರ ಹಿಂದೆ ನೆರಳಿನಂತೆ ನಿಂತಿದೆ. ಫೋಟೊಶಾಪ್ ಇದ್ದವರು ಲೇಯರ್ ಸ್ಟೈಲಿನ `Stroke` ತೆಗೆದು `Position` ಅನ್ನು `Outside` ಮಾಡಿದರೆ ಇದೇ ಫಲ.

ಈಗ ಚಿತ್ರವನ್ನು ದೊಡ್ಡದು ಮಾಡಿ `O` ಅಕ್ಷರವನ್ನು ಹತ್ತಿರದಿಂದ ನೋಡಿ. ಅದರ ಒಳಗಿನ ಸೀಳು ಮೊದಲೇ ಇಕ್ಕಟ್ಟು. ಎರಡೂ ಬದಿಯಿಂದ 6 ಪಿಕ್ಸೆಲ್ ಕಪ್ಪು ಒಳಬಂದು ಸೀಳು ಪೂರ್ತಿ ಕಪ್ಪಾಗಿರುತ್ತದೆ. ಅದರ ಮೂಲಕ ಗೋಡೆ ಕಾಣುವುದಿಲ್ಲ. ಇದು ತಪ್ಪಲ್ಲ, ಹೀಗೇ ಆಗಬೇಕು. ಒಳಗಣ್ಣಿನಲ್ಲಿ ಫೋಟೊದ ಚೂರು ಇಣುಕಿದರೆ ಅಕ್ಷರ ಗಲೀಜಾಗುತ್ತದೆ. ಪಕ್ಕಪಕ್ಕದ ಅಕ್ಷರಗಳ ನಡುವಿನ ಸಂದೂ ಹಾಗೆಯೇ ತುಂಬಿಕೊಂಡು, ಇಡೀ ಪದಕ್ಕೆ ಒಂದೇ ಕಪ್ಪು ಹಾಸು ಸಿಗುತ್ತದೆ. ಆದರೆ ಕೆಲವು ಮೊಬೈಲ್ ಆಪ್‌ಗಳು ಒಂದೊಂದೇ ಅಕ್ಷರವನ್ನು ಅಂಚಿನೊಂದಿಗೆ ಬರೆಯುತ್ತ ಹೋಗುತ್ತವೆ. ಆಗ ಎರಡನೆಯ ಅಕ್ಷರದ ಕಪ್ಪು ಮೊದಲನೆಯದರ ಬಿಳಿಯ ಮೇಲೆ ಬಿದ್ದು ಬಲಗಡೆ ಕಚ್ಚಿದಂತೆ ಕಾಣುತ್ತದೆ. ಹಾಗೆ ಕಂಡರೆ ಅಕ್ಷರಗಳ ಅಂತರವನ್ನು ಎರಡೋ ಮೂರೋ ಪಿಕ್ಸೆಲ್ ಹೆಚ್ಚಿಸುತ್ತ ಹೋಗಿ, ಕಚ್ಚು ಮಾಯವಾದಾಗ ನಿಲ್ಲಿಸಿ.

ಅಂಚು 6 ಯಾಕೆ, 3 ಯಾಕಲ್ಲ? ಚಿತ್ರ ಚಾಟ್ ಪಟ್ಟಿಯಲ್ಲೋ ಮುನ್ನೋಟದಲ್ಲೋ ಕಾಲುಭಾಗಕ್ಕೆ ಕುಗ್ಗುವುದು ಸಾಮಾನ್ಯ. ನಾಲ್ಕು ಪಟ್ಟು ಕುಗ್ಗಿದ ಮೇಲೂ ಅಂಚು ಒಂದು ಪಿಕ್ಸೆಲ್‌ಗಿಂತ ದಪ್ಪ ಇರಬೇಕು. 6 ಪಿಕ್ಸೆಲ್ ಒಂದೂವರೆ ಆಗುತ್ತದೆ, ಕಪ್ಪಾಗಿಯೇ ಉಳಿಯುತ್ತದೆ. 3 ಪಿಕ್ಸೆಲ್ ಮುಕ್ಕಾಲಾಗುತ್ತದೆ, ಪರದೆ ಅದನ್ನು ಬೂದು ಬಣ್ಣವಾಗಿ ತೋರಿಸುತ್ತದೆ, ಬಿಳಿ ಗೋಡೆಯ ಮೇಲೆ ಸಾಲು ಮತ್ತೆ ಮಂಕಾಗುತ್ತದೆ. ಇನ್ನೊಂದು ತುದಿಗೆ ಹೋಗಿ 12 ಇಟ್ಟರೆ ಕಪ್ಪು ಹಾಸು ಅಕ್ಷರಕ್ಕಿಂತ ಜೋರಾಗಿ, ಶೋಕಸಂದೇಶದ ಪಟ್ಟಿ ಇಟ್ಟಂತೆ ಕಾಣುತ್ತದೆ. ಫಾಂಟ್ ಸೈಜನ್ನು 18ರಿಂದ ಭಾಗಿಸಿದರೆ ಬರುವ ಅಂಕೆಯ ಆಸುಪಾಸು ನನಗೆ ಸರಿಹೋಗಿದೆ.

ಒಂದೇ ಸಲ ಹತ್ತಾರು ಚಿತ್ರಕ್ಕೆ ಮಾಡಬೇಕಾದವರು, ಟರ್ಮಿನಲ್‌ನಲ್ಲಿ ಆಜ್ಞೆ ಟೈಪ್ ಮಾಡಿ ನಡೆಸುವ ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶ ಬಳಸಬಹುದು. ಅದು ಗೆರೆಯನ್ನು ನಡುವಿಗೆ ಎಳೆಯುತ್ತದೆ. ಆದ್ದರಿಂದ ಮೊದಲು 12ರ ಗೆರೆಯೊಂದಿಗೆ ಬರೆದು, ಅದರ ಮೇಲೆ ಗೆರೆಯಿಲ್ಲದೆ ಇನ್ನೊಮ್ಮೆ ಬರೆಯಬೇಕು. ತಿಂದುಹೋದ ಬಿಳಿ ವಾಪಸು ಬರುತ್ತದೆ:

```
magick cat.jpg -gravity north -font Anton-Regular.ttf \
  -pointsize 110 -fill white \
  -stroke black -strokewidth 12 -annotate +0+30 "NEED THE SCOOTER?" \
  -stroke none -annotate +0+30 "NEED THE SCOOTER?" out.png
```

ಇದು ಮೇಲಿನ ಸಾಲಿಗೆ. ಕೆಳಗಿನದಕ್ಕೆ `out.png` ಮೇಲೆಯೇ `-gravity south` ಎಂದು ಬದಲಿಸಿ, ಮಾತನ್ನೂ ಬದಲಿಸಿ ಮತ್ತೊಮ್ಮೆ ಓಡಿಸಿ.

ಕನ್ನಡಕ್ಕೆ ಬಂದಾಗ

ಇಂಪ್ಯಾಕ್ಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಅದನ್ನು ಆರಿಸಿ "ಗಾಡಿ ಬೇಕಾ?" ಎಂದು ಟೈಪ್ ಮಾಡಿದರೆ ಏನೋ ಕನ್ನಡ ಮೂಡುತ್ತದಲ್ಲ, ಅದು ಇಂಪ್ಯಾಕ್ಟ್ ಅಲ್ಲ. ಕಂಪ್ಯೂಟರ್ ತನ್ನ ಹತ್ತಿರ ಇರುವ ಬೇರೆ ಕನ್ನಡ ಫಾಂಟನ್ನು ಸದ್ದಿಲ್ಲದೆ ಎತ್ತಿ ಹಾಕಿರುತ್ತದೆ. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ನಿರ್ಮಲಾ ಅಥವಾ ತುಂಗಾ. ಇದನ್ನು ಗುರುತಿಸುವುದು ಸುಲಭ: ಸಾಲಿನಲ್ಲಿರುವ ಪ್ರಶ್ನಾರ್ಥಕ ಚಿಹ್ನೆ ಪೈಲ್ವಾನನಂತೆ ದಪ್ಪ, ಪಕ್ಕದ ಕನ್ನಡ ನರಪೇತಲ. ಕನ್ನಡ ಟ್ರೋಲ್ ಚಿತ್ರಗಳಲ್ಲಿ ಇದನ್ನು ಎಷ್ಟೋ ಸಲ ನೋಡಿ ಬೇಸರಪಟ್ಟಿದ್ದೇನೆ, ಮಾತು ಚೆನ್ನಾಗಿರುತ್ತದೆ, ಅಕ್ಷರ ಅದನ್ನು ಹೊರಲಾರದೆ ಸೋತಿರುತ್ತದೆ.

ಹಾಗಾದರೆ ಯಾವ ಫಾಂಟ್? ನಮಗೆ ಬೇಕಾದ್ದು ದಪ್ಪವೂ ಆಗಿರಬೇಕು, ಕಿರಿದೂ ಆಗಿರಬೇಕು. ಕನ್ನಡದ ಗುಂಡಗಿನ ಅಕ್ಷರಗಳು ಸ್ವಭಾವದಿಂದಲೇ ಅಗಲ. ಹೀಗಾಗಿ ಎರಡೂ ಗುಣ ಒಟ್ಟಿಗೆ ಸಿಗುವುದು ಬಹುಕಾಲ ಕಷ್ಟವಿತ್ತು. ಎಕ್ ಟೈಪ್ ಸಂಸ್ಥೆಯ ಅನೇಕ್ ಕನ್ನಡ ಈ ಕೊರತೆಯನ್ನು ನೀಗಿಸುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಇದರಲ್ಲಿ ದಪ್ಪವನ್ನೂ ಅಗಲವನ್ನೂ ಬೇರೆಬೇರೆಯಾಗಿ ಹೊಂದಿಸಿಕೊಳ್ಳಬಹುದು. ಇಳಿಸಿಕೊಂಡ ಗಂಟಿನೊಳಗೆ `static` ಎಂಬ ಫೋಲ್ಡರ್ ಇರುತ್ತದೆ. ಅದರಲ್ಲಿ `Condensed` ಮತ್ತು `ExtraBold` ಎರಡೂ ಪದ ಇರುವ ಫೈಲನ್ನು ಹಾಕಿಕೊಳ್ಳಿ. ಅದೇ ಕುಟುಂಬದ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳೂ ಒಳಗೇ ಇರುವುದರಿಂದ ಸಾಲಿನಲ್ಲಿ ಇಂಗ್ಲಿಷ್ ಪದ ಬಂದರೂ ಮೈಕಟ್ಟು ಒಂದೇ ಇರುತ್ತದೆ. ಬಲೂ ತಮ್ಮ ಕೂಡ ದಪ್ಪವೇ, ನೋಡಲು ಮುದ್ದಾಗಿದೆ, ಆದರೆ ಅಗಲ ಹೆಚ್ಚು. ಒಂದೆರಡು ಪದದ ಸಾಲಿಗೆ ಮಾತ್ರ ಅದನ್ನು ಬಳಸುತ್ತೇನೆ.

ಟೈಪ್ ಮಾಡುವುದು ಯೂನಿಕೋಡ್‌ನಲ್ಲಿರಲಿ. ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಮೂಡುತ್ತದೆ. ಇದು ಕೂಡಲೇ ಗೊತ್ತಾಗುವ ತಪ್ಪು. ಕಣ್ತಪ್ಪಿಸಿ ಹೋಗುವುದು ಇನ್ನೊಂದು. ನಮ್ಮ "ಊಟ ಆದ್ಮೇಲೆ ಬಾ" ಸಾಲನ್ನು ನಾನು ಒಂದು ಮೀಮ್ ತಯಾರಿಕೆ ತಾಣದಲ್ಲಿ ಅಂಟಿಸಿದಾಗ ದ್ಮೇ ಎಂಬುದು ಒಡೆದು, ದಕಾರದ ಮೇಲೆ ಅರ್ಧಾಕ್ಷರದ ಕೊಂಬು ಬಂದು, ಮಕಾರ ಒತ್ತಾಗದೆ ಪಕ್ಕದಲ್ಲಿ ಪೂರ್ತಿಯಾಗಿ ನಿಂತಿತ್ತು. ಅವಸರದಲ್ಲಿ ಗಮನಿಸದೆ ಹಂಚಿಬಿಟ್ಟೆ. ಸಂಜೆ ಚಿಕ್ಕಮ್ಮ ಫೋನ್ ಮಾಡಿ, "ಅದೇನೋ ಆದ್ ಅಂತ ನಿಲ್ಲಿಸಿ ಮೇಲೆ ಅಂತ ಬರ್ದಿದ್ಯಲ್ಲೋ, ಮೇಲೆ ಏನಿದೆ?" ಎಂದು ಕೇಳಿದರು.

ಒತ್ತಕ್ಷರ ಕೂಡುವುದು ಫಾಂಟಿನ ಕೆಲಸ ಮಾತ್ರ ಅಲ್ಲ, ಅಕ್ಷರ ಜೋಡಿಸುವ ತಂತ್ರಾಂಶಕ್ಕೂ ಅದು ಗೊತ್ತಿರಬೇಕು. ಗಿಂಪ್‌ಗೆ ಗೊತ್ತು. ಹಳೆಯ ಫೋಟೊಶಾಪ್ ಆವೃತ್ತಿಗಳಲ್ಲಿ `Preferences` ನ `Type` ಭಾಗಕ್ಕೆ ಹೋಗಿ, ಆವೃತ್ತಿಗೆ ತಕ್ಕಂತೆ `World-Ready Layout` ಅಥವಾ `Middle Eastern and South Asian` ಆರಿಸಿ ಹೊಸ ಫೈಲ್ ತೆರೆಯಬೇಕು. ಇಮೇಜ್‌ಮ್ಯಾಜಿಕ್‌ನಲ್ಲಿ `magick -version` ಎಂದು ಕೊಟ್ಟಾಗ `Delegates` ಸಾಲಿನಲ್ಲಿ `raqm` ಎಂದು ಕಂಡರೆ ಒತ್ತು ಕೂಡುತ್ತದೆ, ಇಲ್ಲದಿದ್ದರೆ ಒಡೆಯುತ್ತದೆ. ಯಾವ ಉಪಕರಣವೇ ಆಗಲಿ, ಮೊದಲು "ಸ್ತ್ರೀ" ಎಂದು ಟೈಪ್ ಮಾಡಿ ನೋಡುತ್ತೇನೆ. ಅದು ಸರಿಯಾಗಿ ಕೂತರೆ ಬೇರೆಲ್ಲವೂ ಕೂರುತ್ತವೆ.

ಇನ್ನು ಅಳತೆ. ಇಂಗ್ಲಿಷಿನ ದೊಡ್ಡಕ್ಷರ ಸಾಲು ತಲೆ–ಬುಡ ಸಮವಾಗಿರುವುದರಿಂದ ಅಂಚಿಗೆ ಒತ್ತಿ ಕೂರುತ್ತದೆ ಎಂದೆನಲ್ಲ, ಕನ್ನಡಕ್ಕೆ ಆ ಅನುಕೂಲ ಇಲ್ಲ. ನಮ್ಮಲ್ಲಿ ದೊಡ್ಡಕ್ಷರ–ಚಿಕ್ಕಕ್ಷರ ಎಂಬ ಭೇದವಿಲ್ಲ. ಮೇಲೆ ಗುಡಿಸು, ಏತ್ವ, ಕೆಳಗೆ ಒತ್ತು. ಒಂದೇ ಫಾಂಟ್ ಸೈಜಿನಲ್ಲಿ ಇವಕ್ಕೆಲ್ಲ ಜಾಗ ಮಾಡಿಕೊಡಬೇಕಾದ್ದರಿಂದ ನಡುವಿನ ಮೂಲಾಕ್ಷರ ಇಂಗ್ಲಿಷಿನದಕ್ಕಿಂತ ಗಿಡ್ಡವಾಗುತ್ತದೆ. ಆದ್ದರಿಂದ ಫಾಂಟ್ ಸೈಜಿನ ಅಂಕೆಯನ್ನು ನಂಬಬೇಡಿ. ಗಿಂಪ್‌ನ ಮೆಷರ್ ಟೂಲ್ ಹಿಡಿದು, "ಗ" ಅಕ್ಷರದ ತಲೆಕಟ್ಟಿನಿಂದ ಬುಡದವರೆಗೆ ಅಳೆಯಿರಿ. ಅದು 80ರಿಂದ 85 ಪಿಕ್ಸೆಲ್ ಬರುವವರೆಗೆ ಸೈಜು ಏರಿಸಿ. ಅಂಕೆ 110ನ್ನು ಚೆನ್ನಾಗಿ ದಾಟಿದರೂ ಗಾಬರಿಯಾಗಬೇಡಿ.

ಕೆಳಗಿನ ಸಾಲಿನಲ್ಲಿ ಬುಡದಿಂದ ಚಿತ್ರದ ಅಂಚಿನವರೆಗೆ ಮೂಲಾಕ್ಷರದ ಎತ್ತರದಷ್ಟು ಜಾಗ ಬಿಡಿ. ಇಂಗ್ಲಿಷಿನ ಅಳತೆಯಲ್ಲಿ 30 ಪಿಕ್ಸೆಲ್ ಬಿಟ್ಟು ಕೂರಿಸಿದರೆ "ಆದ್ಮೇಲೆ" ಪದದ ಮಕಾರದ ಒತ್ತು ಅಂಚಿಗೆ ತಾಗಿ, ಅದರ ಕಪ್ಪು ಅಂಚು ಚಿತ್ರದಿಂದ ಹೊರಗೆ ಕತ್ತರಿಸಿ ಹೋಗುತ್ತದೆ. ಸಾಧ್ಯವಾದರೆ ಒತ್ತು ಹೆಚ್ಚಿರುವ ಮಾತನ್ನು ಮೇಲಿನ ಸಾಲಿಗೆ ಹಾಕಿ, ಅಲ್ಲಿ ಒತ್ತು ಇಳಿಯಲು ಚಿತ್ರದ ನಡುಭಾಗ ಇದೆ. ನಮ್ಮ ಬೆಕ್ಕಿನ ವಿಷಯದಲ್ಲಿ ಅದು ಆಗದು, ಉತ್ತರ ಕೆಳಗೇ ಬರಬೇಕು. ಹಾಗಾಗಿ ಜಾಗ ಬಿಟ್ಟೆ. ಒಂದೇ ಕಡೆ ಎರಡು ಸಾಲು ಪೇರಿಸುವುದನ್ನು ಕನ್ನಡದಲ್ಲಿ ತಪ್ಪಿಸುವುದೇ ಒಳ್ಳೆಯದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಏತ್ವಕ್ಕೆ ಡಿಕ್ಕಿ ಹೊಡೆಯುತ್ತದೆ, ಡಿಕ್ಕಿ ತಪ್ಪಿಸಲು ಅಂತರ ಬಿಟ್ಟರೆ ಎರಡು ಸಾಲು ಸೇರಿ ಫೋಟೊದ ಮೂರನೇ ಒಂದು ಭಾಗ ನುಂಗುತ್ತವೆ.

ಅಂಚಿನ ವಿಷಯಕ್ಕೆ ಬಂದರೆ, ಹೊರಗೇ ಇರಬೇಕು ಎಂಬ ನಿಯಮ ಕನ್ನಡದಲ್ಲಿ ಇನ್ನೂ ಕಟ್ಟುನಿಟ್ಟು. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವೆ ಇರುವುದು ಹೊಟ್ಟೆ ಸೀಳುವ ಒಂದು ಪುಟ್ಟ ಗೆರೆ. ದಪ್ಪ ಫಾಂಟಿನಲ್ಲೂ ಆ ಗೆರೆ ಸಪೂರವಾಗಿಯೇ ಇರುತ್ತದೆ. ಅಂಚುಗೆರೆಯನ್ನು ನಡುವಿಗೆ ಎಳೆದರೆ ಕಪ್ಪು ಎರಡೂ ಕಡೆಯಿಂದ ಬಂದು ಆ ಬಿಳಿ ಗೆರೆಯನ್ನು ತಿಂದೇಬಿಡುತ್ತದೆ. ಧನ ಎಂದು ಬರೆದದ್ದು ದನ ಆಗುತ್ತದೆ. ಇಂಗ್ಲಿಷಿನಲ್ಲಿ ನಡುವಿನ ಗೆರೆ ಅಕ್ಷರವನ್ನು ಬಡಕಲು ಮಾಡುತ್ತದೆ ಅಷ್ಟೇ, ಕನ್ನಡದಲ್ಲಿ ಪದವನ್ನೇ ಬದಲಿಸುತ್ತದೆ. ದಪ್ಪವನ್ನೂ 6ರ ಬದಲು 5ಕ್ಕೆ ಇಳಿಸಿ. ಒತ್ತಿಗೂ ಮೂಲಾಕ್ಷರಕ್ಕೂ ನಡುವಿನ ಸಂದು, ಕ ಮತ್ತು ಜದ ಒಳಗಿನ ಕಿರಿದಾದ ಜಾಗ ಕಪ್ಪಿನಿಂದ ತುಂಬಿದರೆ ಪರವಾಗಿಲ್ಲ, ಇಂಗ್ಲಿಷಿನ `O` ಹಾಗೆಯೇ ಅದು. ಬಿಳಿ ಗೆರೆ ಕಳೆದುಹೋಗದಿದ್ದರೆ ಸಾಕು.

ಕೊನೆಗೆ ಪರೀಕ್ಷೆ. ಗಿಂಪ್‌ನಲ್ಲಿ ನೋಟವನ್ನು 25 ಪ್ರತಿಶತಕ್ಕೆ ಇಳಿಸಿ, ಕುರ್ಚಿಯನ್ನು ಒಂದು ಮಾರು ಹಿಂದೆ ಸರಿಸಿ ನೋಡಿ. ಮೇಲಿನ ಸಾಲು ಗೋಡೆಯ ಮೇಲೆ ಬೂದಾಗಿ ಕಂಡರೆ ಅಂಚು ತೆಳುವಾಯಿತು ಎಂದರ್ಥ. ಕೆಳಗಿನ ಸಾಲಿನ ಒತ್ತು ಕಪ್ಪು ಸೀಟಿನಲ್ಲಿ ಚುಕ್ಕೆಯಾಗಿ ಕಂಡರೆ ಅಕ್ಷರ ಚಿಕ್ಕದಾಯಿತು. ಎರಡೂ ಸರಿಯಿದ್ದರೆ ಪಿಎನ್‌ಜಿಯಾಗಿ ಉಳಿಸಿ, ಅದನ್ನು ವಾಟ್ಸಾಪ್‌ನಲ್ಲಿ ಮೊದಲು ನಿಮಗೆ ನೀವೇ ಕಳಿಸಿಕೊಳ್ಳಿ. ದಾರಿಯಲ್ಲಿ ಅದು ಹೇಗೂ ಜೆಪೆಗ್ ಆಗುತ್ತದೆ, ಬಂದದ್ದನ್ನು ಫೋನಿನಲ್ಲಿ ತೆರೆಯದೆ ಪಟ್ಟಿಯಲ್ಲಿರುವಂತೆಯೇ ಓದಲು ಪ್ರಯತ್ನಿಸಿ. ನನ್ನ ಬೆಕ್ಕಿನ ಚಿತ್ರ ಮೂರನೇ ಸಲಕ್ಕೆ ಈ ಪರೀಕ್ಷೆ ದಾಟಿತು: ಅನೇಕ್ ಕನ್ನಡ, ಮೂಲಾಕ್ಷರ 82 ಪಿಕ್ಸೆಲ್, ಹೊರಗಿನ ಅಂಚು 5, ಕೆಳಗೆ ಬಿಟ್ಟ ಜಾಗ 80. ಈ ಸಲ ಚಿಕ್ಕಮ್ಮ ಫೋನ್ ಮಾಡಿ ಕೇಳಿದ್ದು ಬೆಕ್ಕು ಯಾರ ಮನೆಯದು ಎಂದು.